ಬೋರ್ಡಿಗೆ ಅಳತೆ ಇದೆ, ರೀಲಿಗೆ?

2024ರ ಫೆಬ್ರುವರಿಯ ಎರಡನೇ ವಾರ ಗದಗಿನ ಹೆಸರು ದೇಶದ ಎಲ್ಲ ಸುದ್ದಿವಾಹಿನಿಗಳಲ್ಲಿ ಓಡಾಡಿತು. ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜಿಮ್ಸ್‌ನಲ್ಲಿ ಹೌಸ್ ಸರ್ಜನ್ ತರಬೇತಿ ಮುಗಿಸುವ ಹಂತದಲ್ಲಿದ್ದ 38 ವಿದ್ಯಾರ್ಥಿಗಳು ಆಸ್ಪತ್ರೆಯ ಆವರಣದಲ್ಲೇ ಸಿನಿಮಾ ಹಾಡಿಗೆ ಹೆಜ್ಜೆ ಹಾಕಿ ಇನ್‌ಸ್ಟಾಗ್ರಾಮಿಗೆ ರೀಲ್ ಏರಿಸಿದ್ದರು. ಸಂಸ್ಥೆ ಅವರನ್ನು ಅಮಾನತು ಮಾಡಿ ತರಬೇತಿಯ ಅವಧಿಯನ್ನು 10 ದಿನ ಹೆಚ್ಚಿಸಿತು. ಅದಕ್ಕೆ ಒಂದೆರಡು ದಿನ ಮೊದಲಷ್ಟೇ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಪ್ರೀ ವೆಡ್ಡಿಂಗ್ ಶೂಟಿಂಗ್ ಮಾಡಿಸಿಕೊಂಡ ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡಿದ್ದರು. ಹೀಗಾಗಿ ಎರಡೂ ಸುದ್ದಿ ಒಂದಕ್ಕೊಂದು ಅಂಟಿಕೊಂಡು, ವೈದ್ಯರಿಗೂ ರೀಲಿಗೂ ಏನು ಸಂಬಂಧ ಎಂಬ ಚರ್ಚೆ ಚಹಾದಂಗಡಿ ಮುಟ್ಟಿತು.

ಆ ಚರ್ಚೆ ಶಿಸ್ತಿನ ಮಾತಿನಲ್ಲೇ ಮುಗಿದುಹೋಯಿತು ಎಂಬುದು ನನ್ನ ತಕರಾರು. ಜಿಮ್ಸ್‌ನ ಹುಡುಗ ಹುಡುಗಿಯರು ಜಾಗ ತಪ್ಪಿ ಕುಣಿದರು, ನಿಜ. ಆದರೆ ಅವರು ಯಾವ ರೋಗಿಯನ್ನೂ ತಮ್ಮತ್ತ ಕರೆಯಲಿಲ್ಲ, ಯಾರ ಕಾಯಿಲೆಯನ್ನೂ ಬಯಲಿಗಿಡಲಿಲ್ಲ, ‘ನನ್ನ ಹತ್ತಿರ ಬಂದರೆ ಗುಣ’ ಎನ್ನಲಿಲ್ಲ. ವೈದ್ಯರ ನಡತೆಯ ನಿಯಮಗಳು ಹೆಚ್ಚು ತಲೆ ಕೆಡಿಸಿಕೊಂಡಿರುವುದು ಈ ಮೂರರ ಬಗ್ಗೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಯಾರದೇ ಮೊಬೈಲಿನಲ್ಲಿ ಹತ್ತು ನಿಮಿಷ ಬೆರಳಾಡಿಸಿದರೆ ಅಂಥವು ಸದ್ದಿಲ್ಲದೆ ಸಾಗಿಹೋಗುತ್ತವೆ. ಕೂಸು ಎತ್ತಿಕೊಂಡ ಬಾಣಂತಿಯ ಪಕ್ಕ ನಗುತ್ತ ನಿಂತ ಡಾಕ್ಟರು, ಕೋರ್ಟಿನ ಮೆಟ್ಟಿಲ ಮೇಲೆ ಕಕ್ಷಿದಾರನ ಹೆಗಲ ಮೇಲೆ ಕೈ ಹಾಕಿದ ವಕೀಲರು, ಕೆಳಗೊಂದು ಫೋನ್ ನಂಬರು. ಇವಕ್ಕೆ ಯಾರೂ ಅಮಾನತಾಗುವುದಿಲ್ಲ.

ಗದಗನ್ನು ಮುದ್ರಣ ಕಾಶಿ ಎನ್ನುತ್ತಾರೆ. ಲೆಟರ್‌ಹೆಡ್ಡು, ಕರಪತ್ರ, ಪಂಚಾಂಗ, ಜಾತ್ರೆಯ ಪೋಸ್ಟರು ಎಲ್ಲ ಇಲ್ಲಿ ಅಚ್ಚಾಗುತ್ತಿದ್ದವು. ವೈದ್ಯರ, ವಕೀಲರ ಜಾಹೀರಾತು ನಿಯಮಗಳು ಆ ಕಾಲದ ಕಣ್ಣಿಂದಲೇ ಬರೆದಂಥವು. ಬೋರ್ಡು ಎಷ್ಟು ದೊಡ್ಡದಿರಬೇಕು, ಅದರ ಮೇಲೆ ಏನು ಬರೆಯಬೇಕು, ಪತ್ರಿಕೆಯಲ್ಲಿ ಯಾವಾಗ ಪ್ರಕಟಣೆ ಕೊಡಬಹುದು ಎಂದೇ ಅವು ಮಾತಾಡುತ್ತವೆ. ಆದರೂ ಅವುಗಳನ್ನು ಬಿಡಿಸಿ ಓದಿದರೆ ಇವತ್ತಿನ ಪೇಜಿಗೆ ಅನ್ವಯವಾಗದ ಸಾಲು ಕಡಿಮೆ.

ಲಕ್ಷ್ಮೇಶ್ವರದ ಒಂದು ಪೇಜು

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಲಕ್ಷ್ಮೇಶ್ವರದಲ್ಲಿ ಒಬ್ಬ ವೈದ್ಯೆ ಹೊಸದಾಗಿ ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆ ತೆರೆದಿದ್ದಾರೆ ಎಂದುಕೊಳ್ಳಿ. ಎಂಬಿಬಿಎಸ್ ಆದ ಮೇಲೆ ಪ್ರಸೂತಿ ಮತ್ತು ಸ್ತ್ರೀರೋಗದಲ್ಲಿ ಎಂ.ಎಸ್. ಮಾಡಿದ್ದಾರೆ. ಗದಗಿನ ಒಬ್ಬ ಹುಡುಗ ತಿಂಗಳಿಗಿಷ್ಟು ಎಂದು ಮಾತಾಡಿಕೊಂಡು ಅವರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನೋಡಿಕೊಳ್ಳುತ್ತಾನೆ. ‘ಮೇಡಂ, ವಾರಕ್ಕ ಮೂರು ಪೋಸ್ಟ್ ಬೇಕಾಗ್ತಾವ್ರಿ’ ಎನ್ನುತ್ತಾನೆ. ಅವನು ಹಾಕುವ ಒಂದೊಂದನ್ನೂ ನಿಯಮದ ಮುಂದೆ ಹಿಡಿಯೋಣ.

ಇವತ್ತು ಜಾರಿಯಲ್ಲಿರುವ ನಿಯಮ 2002ರದು. ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡತೆ, ಶಿಷ್ಟಾಚಾರ ಮತ್ತು ನೀತಿ ನಿಯಮಾವಳಿ ಎಂದು ಅದರ ಹೆಸರು. ಅದರ 6.1ನೇ ನಿಯಮ ರೋಗಿಗಳನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತಮ್ಮತ್ತ ಸೆಳೆಯುವುದನ್ನು ಅನೈತಿಕ ಎನ್ನುತ್ತದೆ. ತನ್ನ ಕೌಶಲ, ಪದವಿ, ಸಾಧನೆ, ಸನ್ಮಾನಗಳತ್ತ ಜನರ ಗಮನ ಸೆಳೆಯುವ ಯಾವ ಪ್ರಚಾರವೂ ಸಲ್ಲದು. ಆದರೆ ಏಳು ಸಂದರ್ಭಗಳಲ್ಲಿ ಪತ್ರಿಕಾ ಪ್ರಕಟಣೆ ಕೊಡಬಹುದು. ವೃತ್ತಿ ಆರಂಭಿಸಿದಾಗ, ವೃತ್ತಿಯ ಸ್ವರೂಪ ಬದಲಾದಾಗ, ವಿಳಾಸ ಬದಲಾದಾಗ, ಕೆಲ ದಿನ ಊರಲ್ಲಿರದಿದ್ದಾಗ, ಮತ್ತೆ ಕೆಲಸಕ್ಕೆ ಹಾಜರಾದಾಗ, ಇನ್ನೊಬ್ಬರ ಪ್ರಾಕ್ಟೀಸನ್ನು ವಹಿಸಿಕೊಂಡಾಗ, ಮತ್ತು ತಾನು ತೆಗೆದುಕೊಳ್ಳುವ ಫೀಯನ್ನು ಬಹಿರಂಗಪಡಿಸುವಾಗ. ಕೊನೆಯದನ್ನು ನೆನಪಿಡಿ, ವಕೀಲರ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ಆದ್ದರಿಂದ ಮೊದಲ ಪೋಸ್ಟಿಗೆ ತೊಂದರೆಯಿಲ್ಲ. ‘ಇಂಥ ದಿನದಿಂದ ಲಕ್ಷ್ಮೇಶ್ವರದ ಇಂಥ ಓಣಿಯಲ್ಲಿ ಹೆರಿಗೆ ಆಸ್ಪತ್ರೆ ಆರಂಭ, ನೋಡುವ ಸಮಯ ಇಷ್ಟರಿಂದ ಇಷ್ಟರವರೆಗೆ, ಹತ್ತು ಹಾಸಿಗೆ, ಫೀ ಇಷ್ಟು.’ ಹೆರಿಗೆ ಆಸ್ಪತ್ರೆಯಂಥ ಸಂಸ್ಥೆ ನಡೆಸುವ ವೈದ್ಯರು ಸಂಸ್ಥೆಯ ಹೆಸರು, ಯಾವ ಬಗೆಯ ರೋಗಿಗಳಿಗೆ ಪ್ರವೇಶ, ಸೌಲಭ್ಯ ಮತ್ತು ಫೀ ಇಷ್ಟನ್ನು ಜಾಹೀರಾತಿನಲ್ಲಿ ಹಾಕಬಹುದೆಂದು 7.12ನೇ ನಿಯಮ ಹೇಳುತ್ತದೆ. ಆದರೆ ಎರಡನೇ ವಾರ ಹುಡುಗ ಅದನ್ನೇ ‘ದಸರಾ ವಿಶೇಷ, ಹೆರಿಗೆ ಪ್ಯಾಕೇಜಿನ ಮೇಲೆ ಭಾರೀ ರಿಯಾಯಿತಿ’ ಎಂದು ಮಾಡಿದ. ಫೀ ಹೇಳುವುದು ಮಾಹಿತಿ, ರಿಯಾಯಿತಿ ತೋರಿಸುವುದು ಆಮಿಷ. ಸೀರೆ ಅಂಗಡಿಗೆ ಒಪ್ಪುವ ಮಾತು ಹೆರಿಗೆ ಕೋಣೆಗೆ ಒಪ್ಪುವುದಿಲ್ಲ.

ಪೇಜಿನ ತಲೆಬರಹದಲ್ಲಿ ಹೆಸರು, ಎಂಬಿಬಿಎಸ್, ಎಂ.ಎಸ್., ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಬೋರ್ಡಿನ ಮೇಲೂ ಚೀಟಿಯ ಮೇಲೂ ಇರಬೇಕೆಂದು ನಿಯಮ ಹೇಳುವುದು ಇದನ್ನೇ. ನಾನು ನೋಡಿದ ಬಹಳಷ್ಟು ಪೇಜುಗಳಲ್ಲಿ ಪ್ರಶಸ್ತಿ, ಬಿರುದು, ಹಿಂಬಾಲಕರ ಸಂಖ್ಯೆ ಎಲ್ಲ ಇರುತ್ತವೆ, ನೋಂದಣಿ ಸಂಖ್ಯೆ ಮಾತ್ರ ಇರುವುದಿಲ್ಲ. ನಮ್ಮ ವೈದ್ಯೆಯ ಹೆಸರಿನ ಪಕ್ಕದಲ್ಲಿ ಹುಡುಗ ‘ಬಂಜೆತನ ನಿವಾರಣಾ ತಜ್ಞೆ’ ಎಂದೂ ಸೇರಿಸಿದ್ದಾನೆ. ಅವರು ಕೆಲವು ವಾರಗಳ ಒಂದು ತರಬೇತಿಗೆ ಹೋಗಿಬಂದಿದ್ದಾರಷ್ಟೆ. ಆಯಾ ಶಾಖೆಯಲ್ಲಿ ವಿಶೇಷ ಪದವಿ ಇಲ್ಲದೆ ತಜ್ಞರೆಂದು ಹೇಳಿಕೊಳ್ಳಬಾರದೆಂದು 7.20ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಇಲ್ಲೇ ಇನ್ನೊಂದು ಕಾನೂನು ಅಡಗಿ ಕೂತಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಹಿಳೆಯರ ಬಂಜೆತನವೂ ಇದೆ. ಪಟ್ಟಿಯಲ್ಲಿರುವ ಕಾಯಿಲೆಗಳನ್ನು ಗುಣಪಡಿಸುವ ಔಷಧ ಇದೆಯೆಂದು ಜಾಹೀರಾತು ಕೊಡುವಂತಿಲ್ಲ. ನೋಂದಾಯಿತ ವೈದ್ಯರು ತಮ್ಮ ಸ್ಥಳದಲ್ಲೇ ‘ಇಲ್ಲಿ ಈ ಕಾಯಿಲೆಗೆ ಚಿಕಿತ್ಸೆ ಕೊಡಲಾಗುತ್ತದೆ’ ಎಂದು ಬೋರ್ಡು ಹಾಕುವುದಕ್ಕೆ ಮಾತ್ರ ಆ ಕಾಯ್ದೆ ವಿನಾಯಿತಿ ಕೊಡುತ್ತದೆ. ಫೇಸ್‌ಬುಕ್ ಪೇಜು ಆಸ್ಪತ್ರೆಯ ಗೋಡೆಯಲ್ಲ. ಗೋಡೆಗೆ ಸಿಕ್ಕ ವಿನಾಯಿತಿಯನ್ನು ಪೇಜಿಗೆ ಎಳೆದುಕೊಳ್ಳುವುದು ಅಪಾಯದ ಆಟ ಎಂದೇ ನನ್ನ ಓದು.

ಮೂರನೇ ಬಗೆ, ಆರೋಗ್ಯದ ಅರಿವಿನ ವಿಡಿಯೊ. ಬಸುರಿಯರಿಗೆ ಕಬ್ಬಿಣಾಂಶದ ಗುಳಿಗೆ ಏಕೆ, ಯಾವ ಲಕ್ಷಣ ಕಂಡರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು, ಇಂಥವು. ಇವು ಮಾಡಲೇಬೇಕಾದ ಕೆಲಸ, ನಿಯಮವೂ ಇದನ್ನು ಒಪ್ಪುತ್ತದೆ. ಸಾರ್ವಜನಿಕ ಆರೋಗ್ಯದ ಬಗ್ಗೆ ತನ್ನ ಹೆಸರಿನಲ್ಲೇ ಬರೆಯಬಹುದು, ಉಪನ್ಯಾಸ ಕೊಡಬಹುದು, ರೇಡಿಯೊ, ಟಿ.ವಿ., ‘ಇಂಟರ್ನೆಟ್ ಚಾಟ್’ನಲ್ಲೂ ಮಾತಾಡಬಹುದು ಎಂದು 2002ರಲ್ಲೇ ಬರೆದಿದ್ದಾರೆ. ಆ ಪದ ಓದಿದರೆ ಇಂದು ನಗು ಬರುತ್ತದೆ. ಬರೆದವರ ಮುಂದಾಲೋಚನೆ ಮಾತ್ರ ಮೆಚ್ಚುವಂಥದ್ದೇ. ಅದೇ ನಿಯಮದ ಇನ್ನೊಂದು ಮಗ್ಗುಲೂ ಇದೆ. ರೋಗ ಮತ್ತು ಚಿಕಿತ್ಸೆಯ ಕುರಿತ ಲೇಖನ, ಸಂದರ್ಶನ ವೈದ್ಯನ ಸ್ವಂತ ಜಾಹೀರಾತಾಗಿ ಕೆಲಸ ಮಾಡುವಂತಿದ್ದರೆ ಅದು ತಪ್ಪು.

ಇವೆರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯುವುದು? ನಾನು ಅನುಸರಿಸುವ ಪರೀಕ್ಷೆ ಸರಳ. ವಿಡಿಯೊದ ಕೊನೆಯ ಹತ್ತು ಸೆಕೆಂಡು ಕತ್ತರಿಸಿ ನೋಡಿ. ಫೋನ್ ನಂಬರು, ಆಸ್ಪತ್ರೆಯ ಹೆಸರು, ‘ಇಂದೇ ಭೇಟಿ ಕೊಡಿ’ ಇವೆಲ್ಲ ಹೋದ ಮೇಲೂ ಶಿರಹಟ್ಟಿಯ ಒಬ್ಬ ಬಸುರಿಗೆ ಅದರಿಂದ ಉಪಯೋಗ ಉಳಿಯುತ್ತದೆಯೇ? ಸಮೀಪದ ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ನಡೆಯುತ್ತದೆ ಎಂಬ ಮಾತು ಅದರಲ್ಲಿದೆಯೇ? ಇದ್ದರೆ ಅದು ಅರಿವು. ಕತ್ತರಿಸಿದ ಮೇಲೆ ‘ಈ ತೊಂದರೆ ಬಹಳ ಗಂಭೀರ, ತಜ್ಞರನ್ನು ಕಾಣಿ’ ಎಂಬ ಹೆದರಿಕೆಯಷ್ಟೇ ಉಳಿದರೆ ಅದು ಜಾಹೀರಾತು.

ನಾಲ್ಕನೆಯದು ‘ಬೂಸ್ಟ್’. ಹುಡುಗ ಒಂದಿಷ್ಟು ಹಣ ಕಟ್ಟಿ ವಿಡಿಯೊವನ್ನು ಲಕ್ಷ್ಮೇಶ್ವರದಿಂದ 40 ಕಿ.ಮೀ. ಒಳಗಿನ, 21ರಿಂದ 35 ವಯಸ್ಸಿನ ಹೆಂಗಸರ ಮೊಬೈಲಿಗೆ ತಳ್ಳುತ್ತಾನೆ. ವಿಡಿಯೊದಲ್ಲಿ ಏನೇ ಒಳ್ಳೆಯ ಮಾತಿರಲಿ, ವಯಸ್ಸು, ಲಿಂಗ, ಊರು ಆರಿಸಿ ದುಡ್ಡು ಕೊಟ್ಟು ತಲುಪಿಸಿದ ಮೇಲೆ ಅದು ಗಿರಾಕಿ ಹುಡುಕುವುದೇ. ‘ನಾನಲ್ಲ, ಹುಡುಗ ಮಾಡಿದ್ದು’ ಎಂಬ ಮಾತೂ ನಿಲ್ಲುವುದಿಲ್ಲ. ಒಬ್ಬರೇ ಆಗಲಿ ಬೇರೆಯವರ ಜೊತೆ ಸೇರಿಯೇ ಆಗಲಿ, ಯಾವುದೇ ವಿಧಾನದಿಂದಾಗಲಿ ಎಂದು ನಿಯಮ ಬಾಗಿಲು ಮುಚ್ಚಿದೆ. ಓದುಗರು ಇದನ್ನು ಗುರುತಿಸುವುದೂ ಸುಲಭ. ಪೋಸ್ಟಿನ ಮೇಲ್ಭಾಗದಲ್ಲಿ ‘ಪ್ರಾಯೋಜಿತ’ ಅಥವಾ Sponsored ಎಂದಿರುತ್ತದೆ. ಫೇಸ್‌ಬುಕ್ಕಿನ Ad Libraryಯಲ್ಲಿ ಆ ಪೇಜಿನ ಹೆಸರು ಹಾಕಿದರೆ ಈ ಹೊತ್ತಿಗೆ ಓಡುತ್ತಿರುವ ದುಡ್ಡಿನ ಜಾಹೀರಾತುಗಳೆಲ್ಲ ಯಾರಿಗಾದರೂ ಕಾಣುತ್ತವೆ.

ಮುಖ ಮಸುಕಾದರೂ ಊರಿಗೆ ಗೊತ್ತು

ಐದನೆಯದು ಎಲ್ಲಕ್ಕಿಂತ ಕೆಟ್ಟದ್ದು. ಜನ ಹೆಚ್ಚು ಮೆಚ್ಚುವುದೂ ಅದನ್ನೇ. ಗುಣವಾದ ರೋಗಿಯ ವಿಡಿಯೊ.

ರೋಗಿಯ ಗುರುತು ಸಿಗುವಂಥ ಫೋಟೊವನ್ನಾಗಲಿ ಅವರ ಕಾಯಿಲೆಯ ವಿವರವನ್ನಾಗಲಿ ಅನುಮತಿಯಿಲ್ಲದೆ ಪ್ರಕಟಿಸಬಾರದೆಂದು ನಿಯಮ ಹೇಳುತ್ತದೆ. ಬಹಳ ವೈದ್ಯರು ಇದನ್ನು ‘ಮುಖ ಮಸುಕು ಮಾಡಿದರೆ ಸಾಕು’ ಎಂದು ಓದಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಅದು ಸಾಕಾದೀತು. ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹೇಳಿ, ‘ಏಳು ವರ್ಷದ ನಂತರ ಮಕ್ಕಳಾದವು, ಅವಳಿ ಜವಳಿ’ ಎಂದು ಬರೆದರೆ ಮುಖ ಇರಲಿ ಬಿಡಲಿ, ಊರಿಗೆ ಊರೇ ಗುರುತು ಹಿಡಿಯುತ್ತದೆ. ಧ್ವನಿ, ಸೀರೆ, ಪಕ್ಕದಲ್ಲಿ ನಿಂತ ಅತ್ತೆಯ ಮೂಗುತಿ, ಹಿಂದೆ ಕಾಣುವ ಟಂಟಂ ಗಾಡಿಯ ಹೆಸರು, ಯಾವುದಾದರೂ ಒಂದು ಸಾಕು. ನಿಯಮ ಕೇಳುವುದು ಗುರುತು ಸಿಗುತ್ತದೆಯೇ ಎಂದು. ಮುಖ ಕಾಣುತ್ತದೆಯೇ ಎಂದಲ್ಲ. ಸಣ್ಣ ಊರಿನಲ್ಲಿ ಈ ವ್ಯತ್ಯಾಸವೇ ಎಲ್ಲ. ಏಳು ವರ್ಷ ಆ ಹೆಣ್ಣುಮಗಳು ಕೇಳಿದ ಮಾತುಗಳು ಈಗಷ್ಟೇ ನಿಂತಿರುತ್ತವೆ; ಯಾವ ಇಂಜೆಕ್ಷನ್ನು, ಯಾರ ದೋಷ, ಎಷ್ಟು ಖರ್ಚು ಎಂಬುದೆಲ್ಲ ಮತ್ತೆ ಓಣಿಯ ಕಟ್ಟೆಗೆ ಬರುತ್ತದೆ. ಒಮ್ಮೆ ವಾಟ್ಸ್ಆ್ಯಪ್ ಗುಂಪುಗಳಿಗೆ ಹೋದ ವಿಡಿಯೊವನ್ನು ವೈದ್ಯೆ ಅಳಿಸಿದರೂ ಅಳಿಯುವುದಿಲ್ಲ.

‘ಅವರೇ ಒಪ್ಪ್ಯಾರ್ರಿ’ ಎಂಬ ಉತ್ತರ ಬರುತ್ತದೆ. ಯಾವಾಗ ಒಪ್ಪಿದರು? ಹೆರಿಗೆಯಾದ ಮೂರನೇ ದಿನ, ಬಿಲ್ ಕಟ್ಟುವ ಹೊತ್ತಿಗೆ, ಹೊಟ್ಟೆಯ ಹೊಲಿಗೆ ಇನ್ನೂ ಬಿಚ್ಚದಿರುವಾಗ. ನಾಳೆ ಕೂಸಿಗೆ ಜ್ವರ ಬಂದರೆ ಮತ್ತೆ ಇದೇ ವೈದ್ಯೆಯ ಹತ್ತಿರ ಬರಬೇಕು ಎಂದು ಗೊತ್ತಿದ್ದವರು ಬೇಡ ಎನ್ನುವುದು ಹೇಗೆ? ಭರ್ತಿಯ ಫಾರ್ಮಿನಲ್ಲಿ ಇಪ್ಪತ್ತು ಸಹಿಗಳ ನಡುವೆ ಹಾಕಿಸಿಕೊಂಡ ಒಂದು ಸಹಿಯೂ ಒಪ್ಪಿಗೆಯೆನಿಸುವುದಿಲ್ಲ. ಒಪ್ಪಿಗೆ ಪ್ರತ್ಯೇಕ ಹಾಳೆಯಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು, ಎಲ್ಲಿ ಹಾಕುತ್ತೇವೆ ಎಂದು ತಿಳಿಸಬೇಕು, ಹಿಂದಕ್ಕೆ ಪಡೆಯಬಹುದು ಎಂದೂ ಹೇಳಬೇಕು. ಇದೆಲ್ಲ ಇದ್ದರೂ ಒಂದು ಮಾತು ಉಳಿಯುತ್ತದೆ. ಒಪ್ಪಿಗೆಯಿಂದ ಗೌಪ್ಯತೆಯ ತಪ್ಪು ತಪ್ಪೀತು, ಜಾಹೀರಾತಿನ ತಪ್ಪು ತಪ್ಪುವುದಿಲ್ಲ. ‘ನಮ್ಮ ಡಾಕ್ಟರು ದೇವರಿದ್ದಂಗ’ ಎಂದು ರೋಗಿಯ ಬಾಯಿಂದ ಹೇಳಿಸಿ ಹಾಕುವುದು ತಾನೇ ಹೇಳಿಕೊಳ್ಳುವುದಕ್ಕಿಂತ ದೊಡ್ಡ ಪ್ರಚಾರ.

2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ಗೊಂದಲಕ್ಕೆಲ್ಲ ಉತ್ತರ ಬರೆದಿತ್ತು. ಆಗಸ್ಟಿನಲ್ಲಿ ಹೊರಬಂದ ಅದರ ಹೊಸ ನಿಯಮಾವಳಿಯಲ್ಲಿ ಸಾಮಾಜಿಕ ಜಾಲತಾಣಕ್ಕೇ ಒಂದು ಭಾಗವಿತ್ತು. ಗುಣವಾದ ರೋಗಿಗಳ ಚಿತ್ರ, ಆಪರೇಷನ್ನಿನ ವಿಡಿಯೊ ಹಾಕಬಾರದು. ರೋಗಿಗಳಿಂದ ಹೊಗಳಿಕೆ, ಶಿಫಾರಸು ಕೇಳಬಾರದು. ಲೈಕು, ಹಿಂಬಾಲಕರನ್ನು ಹಣ ಕೊಟ್ಟು ಕೊಳ್ಳಬಾರದು. ಜಾಲತಾಣದಲ್ಲಿ ಯಾರಾದರೂ ಕಾಯಿಲೆ ಹೇಳಿಕೊಂಡರೆ ಎಲ್ಲರೆದುರು ಔಷಧ ಬರೆಯದೆ ದೂರವಾಣಿ ಸಮಾಲೋಚನೆಗೋ ನೇರ ಭೇಟಿಗೋ ಕರೆಯಬೇಕು. ಆದರೆ ಜನರಿಕ್ ಔಷಧದ ಕಡ್ಡಾಯ ಮುಂತಾದ ಬೇರೆ ಅಂಶಗಳ ಮೇಲೆ ವೈದ್ಯರು ಸಿಟ್ಟೆದ್ದರು. ಮೂರೇ ವಾರದಲ್ಲಿ ಇಡೀ ನಿಯಮಾವಳಿಯನ್ನು ತಡೆಹಿಡಿದು 2002ರದ್ದನ್ನೇ ಮುಂದುವರಿಸಿದರು. ಜಗಳ ಮಾತ್ರೆಯದು, ಹೋದದ್ದು ರೀಲಿನ ನಿಯಮ.

ವಕೀಲರಿಗೆ 1929ರ ಪೋಸ್ಟ್‌ಕಾರ್ಡು

ಗದಗ ಆಗ ಧಾರವಾಡ ಜಿಲ್ಲೆಗೆ, ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿನ ಪ್ಲೀಡರುಗಳಿಗೆ ಮುಂಬಯಿ ಹೈಕೋರ್ಟೇ ಹಿರಿಯ ಮನೆ. ಆ ಹೈಕೋರ್ಟು 1929ರಲ್ಲಿ ಒಬ್ಬ ಪ್ಲೀಡರನ ವಿಚಾರಣೆ ಮಾಡಿತು. ಅವನು ತನ್ನ ಹೆಸರು, ವಿಳಾಸ, ವೃತ್ತಿ ಬರೆದ ಪೋಸ್ಟ್‌ಕಾರ್ಡುಗಳನ್ನು ಜನರಿಗೆ ಕಳಿಸಿದ್ದ. ಅಷ್ಟು ಮಾಡಿದರೂ ಜಾಹೀರಾತೇ, ಅದು ಅನುಚಿತ ಎಂದು ಕೋರ್ಟು ಹೇಳಿತು. ಕಾನೂನು ವರದಿಯಲ್ಲಿ ಅವನ ಹೆಸರಿನ ಜಾಗದಲ್ಲಿ ‘ಎಸ್’ ಎಂಬ ಒಂದೇ ಅಕ್ಷರವಿದೆ. ತಪ್ಪು ಮಾಡಿದವನ ಹೆಸರನ್ನೂ ಬಯಲು ಮಾಡಬಾರದೆಂಬ ಆ ಸಂಕೋಚ ಈಗಿನ ಕಾಲಕ್ಕೆ ವಿಚಿತ್ರವಾಗಿ ಕಂಡೀತು.

ಇಂದಿನ ನಿಯಮವೂ ಆ ಮನಸ್ಸಿನ ಮುಂದುವರಿಕೆಯೇ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಸುತ್ತೋಲೆ, ಜಾಹೀರಾತು, ದಲ್ಲಾಳಿ, ವೈಯಕ್ತಿಕ ಸಂದೇಶ ಯಾವುದರಿಂದಲೂ ಕೆಲಸ ಕೇಳಬಾರದು. ತಾನು ನಡೆಸಿದ ಪ್ರಕರಣಕ್ಕೆ ಸಂಬಂಧಿಸಿ ಪತ್ರಿಕೆಯಲ್ಲಿ ಟಿಪ್ಪಣಿ ಬರುವಂತೆ ಮಾಡಬಾರದು, ಫೋಟೊ ಕೊಡಬಾರದು. ಬೋರ್ಡಿನ ಮೇಲೆ ತಾನು ವಕೀಲರ ಸಂಘದ ಅಧ್ಯಕ್ಷ, ಮಾಜಿ ನ್ಯಾಯಾಧೀಶ, ಇಂಥ ಬಗೆಯ ಪ್ರಕರಣದಲ್ಲಿ ಪರಿಣತ ಎಂದು ಬರೆಯಬಾರದು. 2008ರಲ್ಲಿ ಒಂದು ಕಿಟಕಿ ತೆರೆದರು. ಪರಿಷತ್ತಿಗೆ ತಿಳಿಸಿ ವೆಬ್‌ಸೈಟ್ ಇಡಬಹುದು. ಅದರಲ್ಲಿ ಹೆಸರು, ವಿಳಾಸ, ಫೋನು, ಇ-ಮೇಲ್, ನೋಂದಣಿ ವಿವರ, ಯಾವ ವಕೀಲರ ಸಂಘದ ಸದಸ್ಯ, ವಿದ್ಯಾರ್ಹತೆ ಮತ್ತು ಯಾವ ಕ್ಷೇತ್ರದಲ್ಲಿ ವಕಾಲತ್ತು ಮಾಡುತ್ತಾರೆ ಎಂಬುದು ಇರಬಹುದು. ಆ ಪಟ್ಟಿಯಲ್ಲಿ ಫೀ ಇಲ್ಲ.

ಇಲ್ಲಿ ವಿಚಿತ್ರ ನೋಡಿ. ವೈದ್ಯರು ಫೀ ಬಹಿರಂಗಪಡಿಸಬಹುದು, ವಕೀಲರಿಗೆ ಆ ಅವಕಾಶವಿಲ್ಲ. ಜನಸಾಮಾನ್ಯರು ವಕೀಲರ ಬಳಿ ಹೋಗಲು ಹೆದರುವುದೇ ಎಷ್ಟು ಖರ್ಚಾದೀತು ಎಂಬ ಅಂದಾಜಿಲ್ಲದೆ. ಅಮೆರಿಕದಲ್ಲಿ 1976ರಲ್ಲಿ ಅರಿಜೋನಾದ ಇಬ್ಬರು ವಕೀಲರು ಪತ್ರಿಕೆಯಲ್ಲಿ ತಮ್ಮ ಫೀ ಪಟ್ಟಿ ಹಾಕಿದರು. ಶಿಸ್ತುಕ್ರಮ ಬಂತು, ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟು ಬಹುಮತದಿಂದ ವಕೀಲರ ಪರ ನಿಂತಿತು. ಮುಂದೆ ಅದು ಹೆದ್ದಾರಿಯ ಬದಿಯ ಅಪಘಾತ ವಕೀಲರ ದೊಡ್ಡ ಫಲಕಗಳವರೆಗೂ ಹೋಯಿತು. ನಮಗೆ ಫಲಕ ಬೇಡ. ಫೀ ಪಟ್ಟಿಯಾದರೂ ಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ಮುಂಡರಗಿಯ ಒಬ್ಬ ತರುಣ ವಕೀಲರ ಪೇಜು ನೋಡೋಣ. ಇದೂ ಕಟ್ಟಿಕೊಂಡ ಉದಾಹರಣೆಯೇ. ಅವರು ಹಾಕಿದ ಪೋಸ್ಟು: ‘ಸಿಂಗಟಾಲೂರು ಏತ ನೀರಾವರಿಯಲ್ಲಿ ಜಮೀನು ಹೋದ ರೈತರು ಕೂಡಲೇ ಸಂಪರ್ಕಿಸಿ. ಹೆಚ್ಚಿನ ಪರಿಹಾರ ಕೊಡಿಸುತ್ತೇವೆ. ಹಣ ಬಂದ ಮೇಲೆ ಫೀ.’ ಮೂರು ವಾಕ್ಯ, ಮೂರು ತಪ್ಪು. ಮೊದಲನೆಯದು ಕೆಲಸ ಕೇಳುವುದು. ಎರಡನೆಯದು ಫಲದ ಭರವಸೆ. ಮೂರನೆಯದು ಕೇಳಲು ಬಹಳ ಉದಾರವಾಗಿದೆ, ಆದರೆ ವ್ಯಾಜ್ಯದ ಫಲದ ಮೇಲೆ ಫೀ ನಿಗದಿ ಮಾಡುವುದನ್ನೂ ಬಂದ ಹಣದಲ್ಲಿ ಪಾಲು ಒಪ್ಪಿಕೊಳ್ಳುವುದನ್ನೂ ಇದೇ ಪರಿಷತ್ತಿನ 20ನೇ ನಿಯಮ ನಿಷೇಧಿಸಿದೆ. ಇಲ್ಲಿನ ಹಳ್ಳಿಗಳಲ್ಲಿ ‘ಪರ್ಸೆಂಟೇಜ್’ ಮಾತು ಸಾಮಾನ್ಯ. ಅದನ್ನು ಬಾಯಲ್ಲಿ ಹೇಳಿದರೆ ಸಾಕ್ಷಿ ಸಿಗುವುದಿಲ್ಲ. ಪೇಜಿನಲ್ಲಿ ಬರೆದವರು ತಾವೇ ಸಾಕ್ಷಿ ಕೊಟ್ಟಂತೆ.

ಇದೇ ವಕೀಲರು ಅದೇ ರೈತರಿಗೆ ಇನ್ನೊಂದು ರೀತಿಯಲ್ಲಿ ಉಪಕಾರ ಮಾಡಬಹುದಿತ್ತು. 2013ರ ಭೂಸ್ವಾಧೀನ ಕಾಯ್ದೆಯಡಿ ಪರಿಹಾರ ಸಾಲದು ಎನಿಸಿದವರು, ತೀರ್ಪು ಕೊಡುವಾಗ ಜಿಲ್ಲಾಧಿಕಾರಿಯ ಎದುರಿಗೆ ಹಾಜರಿದ್ದರೆ, ಆರು ವಾರದೊಳಗೆ ಅರ್ಜಿ ಹಾಕಬೇಕು. ಹಾಜರಿರದಿದ್ದರೆ ನೋಟಿಸು ಬಂದ ಆರು ವಾರ ಇಲ್ಲವೆ ತೀರ್ಪಾದ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ತಡವಾದರೆ ಸೂಕ್ತ ಕಾರಣ ತೋರಿಸಿ ಇನ್ನೊಂದು ವರ್ಷದವರೆಗೆ ಕೇಳಿಕೊಳ್ಳಬಹುದು. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿ, ಹೆಂಗಸರಿಗೂ ಪರಿಶಿಷ್ಟರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ ಎಂದು ಸೇರಿಸಿದರೆ ಯಾವ ಪರಿಷತ್ತಿನ ಕೋಪಕ್ಕೂ ಕಾರಣವಿಲ್ಲ. ಹತ್ತು ಸೆಕೆಂಡಿನ ಪರೀಕ್ಷೆಯಲ್ಲಿ ಈ ವಿಡಿಯೊ ಪಾಸಾಗುತ್ತದೆ.

ಗೆದ್ದ ಪ್ರಕರಣದ ಪೋಸ್ಟು ಮಾತ್ರ ಯಾವ ದಾರಿಯಿಂದಲೂ ಪಾಸಾಗುವುದಿಲ್ಲ. ‘ನಮ್ಮ ಕಕ್ಷಿದಾರನಿಗೆ ಧಾರವಾಡ ಪೀಠದಿಂದ ಜಾಮೀನು’ ಎಂದು ಆದೇಶದ ಮೊದಲ ಪುಟದ ಫೋಟೊ ಹಾಕಿದರೆ ಅದು 36ನೇ ನಿಯಮ ಬೆರಳಿಟ್ಟು ತೋರಿಸುವ ತಪ್ಪು. ಕಕ್ಷಿದಾರನೇ ಬರೆದು ವಕೀಲರನ್ನು ಟ್ಯಾಗ್ ಮಾಡಿದರೆ? ಅವನ ಮಾತು ಅವನ ಹಕ್ಕು. ವಕೀಲರು ಅದನ್ನು ತಮ್ಮ ಗೋಡೆಗೆ ಹಂಚಿಕೊಂಡ ಗಳಿಗೆಯಿಂದ ಅದು ಪರೋಕ್ಷ ಜಾಹೀರಾತು. ಇನ್ನು ಹೈಕೋರ್ಟಿನ ನೇರಪ್ರಸಾರದಿಂದ ತಮ್ಮ ವಾದದ ತುಣುಕು ಕತ್ತರಿಸಿ ಹಿನ್ನೆಲೆ ಸಂಗೀತ ಹಾಕುವವರಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಕೆಲ ತುಣುಕುಗಳು ದೇಶವೆಲ್ಲ ಹರಡಿದಾಗ ಕರ್ನಾಟಕ ಹೈಕೋರ್ಟು ಅಂಥ ಬಳಕೆಗೆ ಮಧ್ಯಂತರ ತಡೆ ಹಾಕಿತ್ತು. ನೇರಪ್ರಸಾರದ ನಿಯಮಗಳಲ್ಲೂ ಕತ್ತರಿಸಿ ಹಂಚುವುದಕ್ಕೆ ಅನುಮತಿಯಿಲ್ಲ.

ಪರಿಷತ್ತು ಇತ್ತೀಚೆಗೆ ಬಿಗಿಯಾಗಿದೆ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಆನ್‌ಲೈನ್ ಜಾಲತಾಣಗಳ ಮೂಲಕ ವಕೀಲರು ಕಕ್ಷಿದಾರರನ್ನು ಹುಡುಕುವುದನ್ನು ಖಂಡಿಸಿ, ಕ್ರಮ ಕೈಗೊಳ್ಳುವಂತೆ ಪರಿಷತ್ತಿಗೆ ಸೂಚಿಸಿತು. 2025ರ ಮಾರ್ಚ್ 17ರಂದು ಪರಿಷತ್ತು ಹೊರಡಿಸಿದ ಪ್ರಕಟಣೆ ನಟರು, ಪ್ರಭಾವಿಗಳ ಮೂಲಕ ನಡೆಯುವ ಪ್ರಚಾರವನ್ನು ನಿಲ್ಲಿಸಿ ಎಂದಿತು. ಅದರ ಜೊತೆಗೇ ಧಾರ್ಮಿಕ, ಸಾಂಸ್ಕೃತಿಕ ಉತ್ಸವಗಳಲ್ಲಿ ಬ್ಯಾನರು ಹಾಕಿ ಪರೋಕ್ಷವಾಗಿ ಕೆಲಸ ಕೇಳುವುದನ್ನೂ ಹೆಸರಿಸಿ ಖಂಡಿಸಿತು. ಇದು ನಮ್ಮ ಕಡೆಗೇ ಬರೆದ ಹಾಗಿದೆ. ತೋಂಟದಾರ್ಯ ಜಾತ್ರೆಗೋ ಶಿರಹಟ್ಟಿ ಫಕೀರೇಶ್ವರನ ಜಾತ್ರೆಗೋ ಶುಭ ಕೋರುವ ಫ್ಲೆಕ್ಸಿನಲ್ಲಿ ಕರಿ ಕೋಟಿನ ಫೋಟೊ, ‘ವಕೀಲರು’ ಎಂಬ ದಪ್ಪ ಅಕ್ಷರ, ಮೊಬೈಲ್ ನಂಬರು. ಅದೇ ಫ್ಲೆಕ್ಸಿನ ವಿನ್ಯಾಸ ಬೆಳಿಗ್ಗೆ ಸ್ಟೇಟಸ್ಸಿಗೂ ಬರುತ್ತದೆ. ಜಾತ್ರೆಗೆ ಶುಭ ಕೋರಲು ನಂಬರು ಏಕೆ ಬೇಕು?

ಯಾರಿಗೆ ನಿಯಮ, ಯಾರಿಗೆ ವಿನಾಯಿತಿ

ಇಷ್ಟೆಲ್ಲ ಹೇಳಿದ ಮೇಲೆ ಈ ನಿಯಮಗಳ ಅನ್ಯಾಯವನ್ನೂ ಹೇಳಬೇಕು. ಲಕ್ಷ್ಮೇಶ್ವರದ ಹತ್ತು ಹಾಸಿಗೆಯ ವೈದ್ಯೆ ಬೋರ್ಡಿನ ಮೇಲೆ ತನ್ನ ಫೋಟೊ ಹಾಕಿದರೆ ಅದು ಅನೈತಿಕ. ದೊಡ್ಡ ನಗರದ ಕಾರ್ಪೊರೇಟ್ ಆಸ್ಪತ್ರೆ ಹೆದ್ದಾರಿಯ ಪಕ್ಕದಲ್ಲಿ ಹತ್ತು ವೈದ್ಯರ ಫೋಟೊದ ಫಲಕ ನಿಲ್ಲಿಸಿದರೆ ವೈದ್ಯಕೀಯ ಪರಿಷತ್ತಿಗೆ ಕೇಳುವ ಬಾಯಿಲ್ಲ. ಪರಿಷತ್ತಿನ ಅಧಿಕಾರ ವೈದ್ಯರ ಮೇಲೆಯೇ ಹೊರತು ಆಸ್ಪತ್ರೆಗಳ ಮೇಲಲ್ಲ ಎಂದು ದೆಹಲಿ ಹೈಕೋರ್ಟು 2014ರಲ್ಲಿ ಹೇಳಿದೆ. ಆ ಫಲಕದ ಮೇಲಿನ ವೈದ್ಯರನ್ನು ಹೆಸರು ಹಿಡಿದು ಕೇಳಬಹುದು, ಯಾರೂ ಕೇಳುವುದಿಲ್ಲ. ವಕೀಲಿಯಲ್ಲಿಯೂ ಇದೇ ಕತೆ. ಮುಂಡರಗಿಯ ತರುಣನ ಮೂರು ವಾಕ್ಯ ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಮಹಾನಗರದ ಕಾನೂನು ಸಂಸ್ಥೆಗಳ ಪ್ರಶಸ್ತಿ, ಶ್ರೇಯಾಂಕ, ಚಂದದ ವಿಡಿಯೊಗಳು ‘ಮಾಹಿತಿ’ ಎನಿಸಿಕೊಳ್ಳುತ್ತವೆ. ಸಣ್ಣವರು ನಿಯಮ ಮುರಿಯುವುದಕ್ಕೆ ಇದು ಸಮರ್ಥನೆಯಲ್ಲ. ಆದರೆ ಅವರು ಏಕೆ ಮುರಿಯುತ್ತಾರೆ ಎಂಬುದಕ್ಕೆ ಕಾರಣ ಇದೇ. ಆಸ್ಪತ್ರೆಗಳಿಗೆ ಲೈಸೆನ್ಸು ಕೊಡುವ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೊಳಗೆ ಜಾಹೀರಾತಿನ ಗೆರೆ ಎಳೆದು, 2023ರ ಜಾಲತಾಣ ನಿಯಮವನ್ನು ಜನರಿಕ್ ಜಗಳದಿಂದ ಬಿಡಿಸಿ ಪ್ರತ್ಯೇಕವಾಗಿ ಜಾರಿಗೆ ತಂದರೆ ಅರ್ಧ ಗೊಂದಲ ಕಳೆದೀತು.

ಅಲ್ಲಿಯವರೆಗೆ ಇರುವ ದಾರಿ ದೂರಿನದು. ವೈದ್ಯರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ವಕೀಲರ ಮೇಲಿನದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಎರಡೂ ಬೆಂಗಳೂರಿನಲ್ಲಿವೆ, ಗದಗಿನವರಿಗೆ ಅದೇ ಒಂದು ತಡೆ. ವಕೀಲರ ಕಾಯ್ದೆಯ 35ನೇ ಕಲಮಿನಡಿ ಎಚ್ಚರಿಕೆ ಕೊಡುವುದರಿಂದ ಹಿಡಿದು ಕೆಲ ಕಾಲ ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಶಿಕ್ಷೆಯಿದೆ. ದೂರು ಕೊಡುವವರು ಮೊಬೈಲಿನ ಸ್ಕ್ರೀನ್‌ಶಾಟ್ ಒಂದನ್ನೇ ನೆಚ್ಚಬಾರದು. ಪೋಸ್ಟಿನ ಪೂರ್ತಿ ಲಿಂಕು, ದಿನಾಂಕ, ‘ಪ್ರಾಯೋಜಿತ’ ಎಂಬ ಗುರುತು ಕಾಣುವಂತೆ ತೆಗೆದಿಡಬೇಕು. ಪೋಸ್ಟು ಮರುದಿನವೇ ಮಾಯವಾಗಬಹುದು.

ಕೊನೆಗೆ ರೋಗಿಗಳಿಗೂ ಅವರ ಮನೆಯವರಿಗೂ ಒಂದು ಮಾತು. ಡಿಸ್ಚಾರ್ಜಿನ ಹೊತ್ತಿಗೆ ಯಾರಾದರೂ ಮೊಬೈಲು ಎತ್ತಿ ‘ಡಾಕ್ಟರ್ ಬಗ್ಗೆ ಎರಡು ಮಾತು ಹೇಳ್ರಿ’ ಎಂದರೆ ‘ಒಲ್ಲೆವ್ರಿ’ ಎನ್ನಲು ನಿಮಗೆ ಪೂರ್ತಿ ಹಕ್ಕಿದೆ. ಹಾಗೆ ಅಂದದ್ದಕ್ಕೆ ಚಿಕಿತ್ಸೆಯನ್ನಾಗಲಿ, ಮುಂದಿನ ತಪಾಸಣೆಯನ್ನಾಗಲಿ, ನಿಮ್ಮ ಕಾಗದಪತ್ರಗಳನ್ನಾಗಲಿ ಯಾರೂ ತಡೆಯುವಂತಿಲ್ಲ.